ಫೋಟೋ ತೆಗೆದ ಪುಟವನ್ನು ಟೈಪ್ ಮಾಡುವಾಗ ಯಾವ ಅಕ್ಷರ ಹಿಡಿಯಬೇಕು, ಯಾವುದನ್ನು ಬಿಡಬೇಕು?

ಡಿಟಿಪಿ ಕೆಲಸ ಮಾಡುವವರು, ಊರಿನ ಇತಿಹಾಸ ಸಂಗ್ರಹಿಸುವವರು, ಪಿಎಚ್‌ಡಿಗೆ ಹಳೆಯ ಸಂಚಿಕೆಗಳ ಫೋಟೋ ತೆಗೆದುಕೊಂಡು ಬರುವ ವಿದ್ಯಾರ್ಥಿಗಳು, ಎಲ್ಲರೂ ಕೇಳುವುದು ಒಂದೇ: "ಪುಟದ ಮೇಲೆ ಅಡ್ಡಡ್ಡ ಏನೇನೋ ಬಂದದ, ಇದನ್ನೂ ಹೊಡೀಬೇಕೇನ್ರಿ?" ಅಡ್ಡಡ್ಡ ಬಂದದ್ದು ಒಮ್ಮೆ ವಾಟರ್‌ಮಾರ್ಕ್ ಆಗಿರುತ್ತದೆ, ಅಂದರೆ ಪುಟದ ಮೇಲೆ ತೆಳುವಾಗಿ ಕೂರಿಸಿದ ಗುರುತಿನ ಬರಹ. ಒಮ್ಮೆ ಗ್ರಂಥಾಲಯದ ಶಿಕ್ಕಾ. ಇನ್ನೊಮ್ಮೆ ಚಿತ್ರದ ಅಡಿಬರಹವೇ ಚಿತ್ರದೊಳಗಿನ ಬೋರ್ಡಿನ ಮೇಲೆ ಹತ್ತಿ ಕೂತಿರುತ್ತದೆ.

ದಪ್ಪ ಅಕ್ಷರ ಇಟ್ಟುಕೊಂಡು ತೆಳುವಾದದ್ದನ್ನು ಬಿಡಿ ಎಂದು ಕೆಲವರು ಹೇಳಿಕೊಡುತ್ತಾರೆ. ಆ ಲೆಕ್ಕ ನಡೆಯುವುದಿಲ್ಲ. ಹಳೆಯ ಮುದ್ರಣದಲ್ಲಿ ಶಾಯಿ ಮಾಸಿ ಮೂಲ ಬರಹವೇ ತೆಳ್ಳಗಾಗಿರುತ್ತದೆ, ಮೊನ್ನೆ ಒತ್ತಿದ ಶಿಕ್ಕಾ ಕಡುಗಪ್ಪಾಗಿರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ಅಕ್ಷರವನ್ನು ಯಾರು, ಯಾವಾಗ ಇಲ್ಲಿ ಇಟ್ಟರು? ಅದು ಗೊತ್ತಾದರೆ ಹಿಡಿಯುವುದೋ ಬಿಡುವುದೋ ಎಂಬ ತೀರ್ಮಾನ ಹೆಚ್ಚು ಕಷ್ಟವಾಗುವುದಿಲ್ಲ.

ಉದಾಹರಣೆಗೆ ಒಂದೇ ಪುಟವನ್ನು ಕೊನೆಯವರೆಗೂ ಹಿಡಿದು ಹೋಗೋಣ. ಕಲಬುರಗಿ ಕೋಟೆಯ ಬಗ್ಗೆ ಒಂದು ಹಳೆಯ ಸ್ಮರಣ ಸಂಚಿಕೆಯಲ್ಲಿ ಬಂದ ಲೇಖನದ ಪುಟ ಅಂದುಕೊಳ್ಳಿ. ಇಡೀ ಪುಟದ ಹಿನ್ನೆಲೆಗೆ ಕೋಟೆಗೋಡೆಯ ಮಸುಕು ಚಿತ್ರ ಹಾಕಿದ್ದಾರೆ, ಅದರ ಮೇಲೆ ಎರಡು ಕಾಲಮ್‌ಗಳಲ್ಲಿ ಲೇಖನ ಓಡಿದೆ. ಬಲಮೇಲೆ ಜಾಮಿ ಮಸೀದಿಯ ಫೋಟೋ, ಅದರ ಅಡಿಬರಹ ಫೋಟೋದ ಮೇಲೆಯೇ ಅಚ್ಚಾಗಿದೆ. ಎಡ ಕಾಲಮ್ಮಿನ ನಡುವೆ ಗ್ರಂಥಾಲಯದ ನೇರಳೆ ಬಣ್ಣದ ದುಂಡು ಶಿಕ್ಕಾ. ಮೂಲೆಯಿಂದ ಮೂಲೆಗೆ ಯಾವುದೋ ವಾಟ್ಸಾಪ್ ಗುಂಪಿನ ಬೂದು ಹೆಸರು. ಕೆಳಗೆ ಎಡಕ್ಕೆ ಫೋಟೋ ತೆಗೆದ ಮೊಬೈಲಿನ ಹೆಸರು ಮತ್ತು ತಾರೀಖು. ನಮ್ಮ ಕಡೆ ಓಡಾಡುವ ಫೋಟೋಗಳಲ್ಲಿ ಇಷ್ಟೆಲ್ಲ ಒಂದೇ ಪುಟದಲ್ಲಿ ಸಿಗುವುದು ಹೊಸದೇನಲ್ಲ.

1. ಮೊದಲು ಮೂಲ ಫೈಲ್ ಹಿಡಿಯಿರಿ

ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಅಕ್ಷರ ಓದಲು ಬರುತ್ತದೆ ನಿಜ, ಆದರೆ ಯಾವ ಅಕ್ಷರ ಎಲ್ಲಿಂದ ಬಂತು ಎಂದು ಗುರುತಿಸುವ ಸಣ್ಣ ಕುರುಹುಗಳು ಅಳಿಸಿಹೋಗುತ್ತವೆ. ಅಂಚುಗಳು ಕದಡುತ್ತವೆ, ಮುದ್ರಿತ ಚಿತ್ರದ ಚುಕ್ಕೆಗಳು ಒಂದಕ್ಕೊಂದು ಕರಗಿಬಿಡುತ್ತವೆ. ಆದ್ದರಿಂದ ಕಳಿಸುವವರಿಗೆ "ಡಾಕ್ಯುಮೆಂಟ್ ಅಂತ ಆರಿಸಿ ಕಳಿಸ್ರಿ" ಎಂದು ಹೇಳಿ. ಹಾಗೆ ಕಳಿಸಿದರೆ ಫೈಲ್ ಇದ್ದದ್ದು ಇದ್ದಹಾಗೇ ಬರುತ್ತದೆ.

ಪುಸ್ತಕ ಇನ್ನೂ ಅವರ ಕೈಯಲ್ಲಿದ್ದರೆ ಒಂದು ಕೆಲಸ ಹೆಚ್ಚು ಮಾಡಿಸಿ. ಅದೇ ಪುಟದ ಎರಡನೇ ಫೋಟೋ ತೆಗೆಸಿ, ಆದರೆ ಮೊಬೈಲನ್ನು ಎರಡು ಬೆರಳಷ್ಟು ಪಕ್ಕಕ್ಕೆ ಸರಿಸಿ. ಇದು ಯಾಕೆ ಬೇಕು ಎಂಬುದು ಮುಂದಿನ ಹಂತದಲ್ಲಿ ತಿಳಿಯುತ್ತದೆ. ಇವತ್ತಿನ ಮೊಬೈಲಿನಲ್ಲಿ ಒಂದು ನಿಮಿಷದ ಕೆಲಸ ಇದು, ಆಮೇಲೆ ಅರ್ಧ ಗಂಟೆಯ ತಕರಾರು ಉಳಿಸುತ್ತದೆ.

2. ಪ್ರತಿ ಬರಹವೂ ಯಾವ ಪದರದ್ದು ಎಂದು ಗುರುತಿಸಿ

ಕೀಬೋರ್ಡ್ ಮುಟ್ಟುವ ಮೊದಲು ಪುಟವನ್ನು ದೊಡ್ಡದು ಮಾಡಿ ನೋಡಿ. ಅದರಲ್ಲಿರುವ ಬರಹಗಳು ಸಾಮಾನ್ಯವಾಗಿ ನಾಲ್ಕು ಪದರಗಳಲ್ಲಿ ಬಂದಿರುತ್ತವೆ.

ತೀರಾ ಮೇಲಿನ ಪದರ, ಫೋಟೋ ತೆಗೆದಾದ ಮೇಲೆ ಆ್ಯಪ್ ಕೂರಿಸಿದ್ದು. ಮೊಬೈಲಿನ ಹೆಸರು, ತಾರೀಖು, ಸ್ಕ್ಯಾನ್ ಆ್ಯಪ್ಪಿನ ಜಾಹೀರಾತು ಸಾಲು, ಗುಂಪಿನ ವಾಟರ್‌ಮಾರ್ಕ್ ಎಲ್ಲ ಇದರಲ್ಲಿ ಬಂತು. ಇದನ್ನು ಪತ್ತೆಹಚ್ಚಲು ಅರ್ಥ ನೋಡಬೇಕಾಗಿಲ್ಲ, ಆಕಾರ ನೋಡಿದರೆ ಸಾಕು. ಪುಸ್ತಕದ ಹಾಳೆ ಬೆನ್ನಿನ ಹತ್ತಿರ ಬಾಗುತ್ತದೆ, ಅಲ್ಲಿ ಮುದ್ರಿತ ಸಾಲೂ ಬಾಗುತ್ತದೆ, ಮಸುಕಾಗುತ್ತದೆ, ಅಕ್ಷರ ಇಕ್ಕಟ್ಟಾಗುತ್ತದೆ. ಆ್ಯಪ್ ಕೂರಿಸಿದ ಬರಹಕ್ಕೆ ಹಾಳೆಯ ಹಂಗೇ ಇಲ್ಲ. ಅದು ಹಾಳೆ ಬಾಗಿದ ಕಡೆಯೂ ನೆಟ್ಟಗೆ ಇರುತ್ತದೆ, ಸುತ್ತಲಿನ ಅಕ್ಷರ ಮಸುಕಾಗಿದ್ದ ಕಡೆಯೂ ಚೂಪಾಗಿ ಇರುತ್ತದೆ. ಹೆಬ್ಬೆರಳು ಫೋಟೋದಲ್ಲಿ ಬಿದ್ದಿದ್ದರೆ ಹೆಬ್ಬೆರಳಿನ ಮೇಲೂ ಹಾದು ಹೋಗಿರುತ್ತದೆ. ಅನುಮಾನ ಉಳಿದರೆ ಎರಡನೇ ಫೋಟೋ ತೆಗೆಯಿರಿ. ಪುಟದ ಸಾಲುಗಳು ಪಕ್ಕಕ್ಕೆ ಸರಿದಿರುತ್ತವೆ, ಆದರೆ ಆ್ಯಪ್ಪಿನ ಬರಹ ಫೋಟೋದ ಚೌಕಟ್ಟಿನಲ್ಲಿ ಮೊದಲಿದ್ದ ಜಾಗದಲ್ಲೇ ಇರುತ್ತದೆ. ಹಾಗಾಗಿ ಮೊದಲ ಫೋಟೋದಲ್ಲಿ ಅದರಡಿ ಮುಚ್ಚಿಹೋಗಿದ್ದ ಅಕ್ಷರ ಎರಡನೆಯದರಲ್ಲಿ ಹೊರಗೆ ಬಂದಿರುತ್ತದೆ.

ಎರಡನೆಯದು, ಪುಟ ಅಚ್ಚಾದ ಮೇಲೆ ಪುಟದ ಮೇಲೆ ಬಿದ್ದದ್ದು. ಗ್ರಂಥಾಲಯದ ಶಿಕ್ಕಾ, ಪುಸ್ತಕ ದಾಖಲು ಸಂಖ್ಯೆ, ಯಾರೋ ಬಾಲ್‌ಪೆನ್ನಿನಲ್ಲಿ ಎಳೆದ ಗೆರೆ, ಅಂಚಿನ ಟಿಪ್ಪಣಿ. ಇದು ಹಾಳೆಯ ಜೊತೆ ಬಾಗುತ್ತದೆ, ಎರಡನೇ ಫೋಟೋದಲ್ಲಿ ಹಾಳೆಯ ಜೊತೆಗೇ ಸರಿಯುತ್ತದೆ. ಬಣ್ಣ ಮಾತ್ರ ಹೆಚ್ಚಾಗಿ ಬೇರೆ ಇರುತ್ತದೆ, ಮತ್ತು ಸಾಲುಗಳ ಲೆಕ್ಕಕ್ಕೆ ಸಿಗದೆ ಓರೆಯಾಗಿ ಬಿದ್ದಿರುತ್ತದೆ.

ಮೂರನೆಯದು, ಸಂಚಿಕೆ ಮುದ್ರಿಸಿದವರೇ ಅಚ್ಚು ಹಾಕಿದ ಬರಹ: ಲೇಖನ, ತಲೆಬರಹ, ಅಡಿಬರಹ, ಪುಟಸಂಖ್ಯೆ. ನಿಮಗೆ ಮುಖ್ಯವಾಗಿ ಬೇಕಾದದ್ದು ಇದು.

ನಾಲ್ಕನೆಯದು ಚಿತ್ರದೊಳಗಿನ ಬರಹ. ಹೆಚ್ಚು ಜನ ಎಡವುವುದು ಇಲ್ಲಿಯೇ. ನಮ್ಮ ಪುಟದಲ್ಲಿ ಮಸೀದಿಯ ಫೋಟೋ ತೆಗೆದಾಗ ಮುಂದೆ ನೆಟ್ಟ ಸ್ಮಾರಕದ ಬೋರ್ಡೂ ಅದರಲ್ಲಿ ಬಿದ್ದಿದೆ, ಆಮೇಲೆ ಸಂಚಿಕೆಯವರು ಅದೇ ಫೋಟೋದ ಮೇಲೆ ಅಡಿಬರಹ ಹಾಕಿದ್ದಾರೆ. ಎರಡೂ ಬಿಳಿ ಅಕ್ಷರ, ಒಂದರ ಮೇಲೊಂದು. ಯಾವುದು ಅಡಿಬರಹ, ಯಾವುದು ಬೋರ್ಡು? ಚೆನ್ನಾಗಿ ದೊಡ್ಡದು ಮಾಡಿ ಅಕ್ಷರದ ಅಂಚು ನೋಡಿ. ಮುದ್ರಣದಲ್ಲಿ ಫೋಟೋ ಅಚ್ಚಾಗುವುದು ಸಣ್ಣ ಸಣ್ಣ ಚುಕ್ಕೆಗಳಿಂದ, ಇದಕ್ಕೆ ಹಾಫ್‌ಟೋನ್ ಎನ್ನುತ್ತಾರೆ. ಬೋರ್ಡಿನ ಅಕ್ಷರವೂ ಫೋಟೋದ ಭಾಗವೇ ಆದ್ದರಿಂದ ಅದರ ಅಂಚು ಚುಕ್ಕೆ ಚುಕ್ಕೆಯಾಗಿ ಒಡೆದಿರುತ್ತದೆ. ಅಡಿಬರಹ ಮಾತ್ರ ಅಚ್ಚಿನ ಅಕ್ಷರ, ಅದರ ಅಂಚು ಒಂದೇ ಗೆರೆಯಲ್ಲಿ ನುಣುಪಾಗಿ ಹೋಗುತ್ತದೆ. ಜೊತೆಗೆ ಬೋರ್ಡು ಓರೆಯಾಗಿ ನಿಂತಿದ್ದರೆ ಅದರ ಅಕ್ಷರ ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದಾಗಿ ಕಾಣುತ್ತದೆ. ಅಡಿಬರಹ ಉದ್ದಕ್ಕೂ ಒಂದೇ ಅಳತೆ. ವಾಟ್ಸಾಪ್ ಕುಗ್ಗಿಸಿದ ಫೋಟೋದಲ್ಲಿ ಈ ಚುಕ್ಕೆ ಪರೀಕ್ಷೆ ನಡೆಯುವುದಿಲ್ಲ. ಮೂಲ ಫೈಲ್ ಬೇಕು ಎಂದು ಹಟ ಹಿಡಿದದ್ದು ಇದಕ್ಕೇ.

ಇವುಗಳ ಹೊರಗೆ ಇನ್ನೊಂದು ಉಪದ್ರವ ಇದೆ, ಹಾಳೆಯ ಹಿಂಬದಿಯ ಅಕ್ಷರ ಈ ಕಡೆ ಮೂಡುವುದು. ಹಳೆಯ ಸಂಚಿಕೆಗಳ ತೆಳು ಕಾಗದದಲ್ಲಿ ಇದು ಸಾಮಾನ್ಯ. ಕನ್ನಡದ ದುಂಡು ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವಾದರೂ ಅಕ್ಷರದ ಹಾಗೇ ಕಾಣುತ್ತವೆ, ಅದಕ್ಕೇ ಕಣ್ಣು ಮೋಸ ಹೋಗುತ್ತದೆ. ಫೋಟೋವನ್ನು ಎಡಬಲ ತಿರುಗಿಸಿ ನೋಡಿ. ಗೊಂದಲದ ಅಕ್ಷರ ಆಗ ಸರಿಯಾಗಿ ಓದಲು ಬಂದರೆ ಅದು ಹಿಂಬದಿಯದು, ಯೋಚಿಸದೆ ಬಿಡಿ. ಪುಸ್ತಕ ಕೈಯಲ್ಲಿದ್ದರೆ ಹಾಳೆಯ ಹಿಂದೆ ಒಂದು ಕರಿ ಕಾಗದ ಇಟ್ಟು ಮತ್ತೆ ಫೋಟೋ ತೆಗೆದರೆ ಹಿಂಬದಿಯ ಅಕ್ಷರ ಬಹುಮಟ್ಟಿಗೆ ಮರೆಯಾಗುತ್ತದೆ. ಬಿಳಿ ಕಾಗದ ಇಟ್ಟರೆ ಉಲ್ಟಾ ಎದ್ದು ಕಾಣುತ್ತದೆ, ನೆನಪಿರಲಿ.

3. ಏನು ಬಿಡುವುದು, ಏನು ಟಿಪ್ಪಣಿಗೆ ಹಾಕುವುದು

ಪದರ ಗೊತ್ತಾದ ಮೇಲೆ ತೀರ್ಮಾನ. ಬಿಡುವುದು ಎಂದರೆ ಲೇಖನದ ಸಾಲಿನೊಳಗೆ ಬರದಂತೆ ನೋಡಿಕೊಳ್ಳುವುದು, ಅಷ್ಟೇ. ಅದು ಇರಲೇ ಇಲ್ಲ ಎಂದು ಮಾಡುವುದಲ್ಲ.

ನಮ್ಮ ಪುಟದಲ್ಲಿ ಮೊಬೈಲಿನ ಹೆಸರು ಪೂರ್ತಿ ಬಿಡಬಹುದು. ಅದರ ಪಕ್ಕದ ತಾರೀಖು ಲೇಖನದ್ದಲ್ಲ, ಫೋಟೋ ತೆಗೆದ ದಿನದ್ದು. ಇದನ್ನು ಸಂಚಿಕೆಯ ತಾರೀಖು ಎಂದು ತಲೆಬರಹದಡಿ ಹೊಡೆದ ಪ್ರತಿಗಳು ಓಡಾಡುತ್ತಿವೆ, ಹುಷಾರು. ಗುಂಪಿನ ವಾಟರ್‌ಮಾರ್ಕ್ ಸಾಲಿನೊಳಗೆ ಬೇಡ, ಆದರೆ ಫೋಟೋ ಎಲ್ಲಿಂದ ಸಿಕ್ಕಿತು ಎನ್ನುವುದಕ್ಕೆ ಕೊನೆಯಲ್ಲಿ ಒಂದು ಸಾಲು ಹಾಕುವುದು ನ್ಯಾಯ. ಆ ಹೆಸರನ್ನು ಚಿತ್ರದಿಂದಲೇ ಒರೆಸಿ ತಮ್ಮ ಹೆಸರಲ್ಲಿ ಹಂಚುವ ಕೆಲಸಕ್ಕೆ ಈ ಮಾರ್ಗದರ್ಶಿ ಅಲ್ಲ.

ಗ್ರಂಥಾಲಯದ ಶಿಕ್ಕಾವನ್ನೂ ಸಾಲಿನಿಂದ ಬಿಡಿ, ಟಿಪ್ಪಣಿಯಲ್ಲಿ ದಾಖಲಿಸಿ. ನಾಳೆ ಯಾರಾದರೂ ಮೂಲ ಪ್ರತಿ ಹುಡುಕಿಕೊಂಡು ಹೊರಟರೆ ಆ ಶಿಕ್ಕಾ ಮತ್ತು ದಾಖಲು ಸಂಖ್ಯೆ ಬಿಟ್ಟರೆ ಬೇರೆ ದಾರಿ ಇರುವುದಿಲ್ಲ. ಬಾಲ್‌ಪೆನ್ನಿನ ತಿದ್ದುಪಡಿಗೂ ಇದೇ ರೀತಿ. ಓದಿದವರು ಯಾರೋ ಅಚ್ಚಿನ ತಪ್ಪು ತಿದ್ದಿದ್ದರೆ ಸಾಲಿನಲ್ಲಿ ಅಚ್ಚಾದದ್ದನ್ನೇ ಹೊಡೆಯಿರಿ, ತಿದ್ದಿದ್ದನ್ನು ಟಿಪ್ಪಣಿಯಲ್ಲಿ ಹೇಳಿ. ತಿದ್ದಿದವರು ಸರಿ ಅನ್ನಿಸಿದರೂ ಹಾಗೇ ಮಾಡಿ, ಯಾಕೆಂದರೆ ಅವರು ಯಾರೆಂಬುದು ನಿಮಗೆ ಗೊತ್ತಿಲ್ಲ.

ಚಿತ್ರದೊಳಗಿನ ಬೋರ್ಡನ್ನು ಲೇಖನದ ನಡುವೆ ಎಂದೂ ಸೇರಿಸಬೇಡಿ. ಅಡಿಬರಹ ಮಾತ್ರ ಚಿತ್ರದ ಜಾಗದಲ್ಲಿ ಬೇರೆ ಸಾಲಾಗಿ ಬರಲಿ. ಬೋರ್ಡಿನ ಮಾತೇ ಲೇಖನದ ವಿಷಯವಾಗಿದ್ದರೆ ಮಾತ್ರ, ಉದಾಹರಣೆಗೆ "ಚಿತ್ರದಲ್ಲಿರುವ ಫಲಕ ನೋಡಿ" ಎಂದು ಲೇಖಕರೇ ಹೇಳಿದ್ದರೆ, ಅದನ್ನೂ ಬರೆದುಕೊಳ್ಳಿ.

ಟಿಪ್ಪಣಿಗೆ ನಾನು ಬಳಸುವ ಗುರುತುಗಳು ಇವು, ನೀವು ಬೇರೆ ಇಟ್ಟುಕೊಂಡರೂ ನಡೆಯುತ್ತದೆ, ಒಂದು ಫೈಲಿನಲ್ಲಿ ಒಂದೇ ರೀತಿ ಇದ್ದರೆ ಸಾಕು: [ಶಿಕ್ಕಾ: …], [ಕೈಬರಹ: …], [ಚಿತ್ರದೊಳಗೆ: …], [ಮುಚ್ಚಿದೆ: 1 ಅಂಕಿ]. ಚೌಕ ಕಂಸ ಹಾಕಿದರೆ ಓದುವವರಿಗೆ ಇದು ಟೈಪ್ ಮಾಡಿದವರ ಮಾತು, ಲೇಖಕರದ್ದಲ್ಲ ಎಂದು ತಿಳಿಯುತ್ತದೆ.

4. ಶಿಕ್ಕಾದಡಿ ಸಿಕ್ಕಿಬಿದ್ದ ಅಂಕಿ

ಈಗ ನಿಜವಾದ ತೊಡಕು. ಎಡ ಕಾಲಮ್ಮಿನಲ್ಲಿ ಒಂದು ಸಾಲು ಹೀಗಿದೆ: "೧೩▢೭ರಲ್ಲಿ ಕಲಬುರಗಿಯ ಕೋಟೆಯಲ್ಲಿ…" ಮೂರನೇ ಅಂಕಿಯ ಮೇಲೆಯೇ ಶಿಕ್ಕಾದ ದಪ್ಪ ಅಂಚು ಕೂತಿದೆ. ಸಾಲಿನ ಉಳಿದ ಭಾಗದ ಮೇಲೂ ಶಿಕ್ಕಾದ ಅಕ್ಷರಗಳು ಹರಡಿ ಓದು ಕಷ್ಟವಾಗಿದೆ.

ಇತಿಹಾಸ ಬಲ್ಲವರಿಗೆ ಕೈ ತುರಿಸುತ್ತದೆ. ಒಬ್ಬರು 1347 ಎನ್ನುತ್ತಾರೆ, ಬಹಮನಿ ರಾಜ್ಯ ಶುರುವಾಗಿ ಕಲಬುರಗಿ ರಾಜಧಾನಿಯಾದದ್ದು ಆಗಿನಿಂದ. ಇನ್ನೊಬ್ಬರು 1367 ಎನ್ನುತ್ತಾರೆ, ಕೋಟೆಯೊಳಗಿನ ಜಾಮಿ ಮಸೀದಿ ಕಟ್ಟಿದ್ದು ಆ ವರ್ಷ. ಎರಡೂ ನಿಜ, ಎರಡೂ ಈ ಪುಟಕ್ಕೆ ಹೊಂದುತ್ತವೆ, ಎರಡಕ್ಕೂ ಮೂರನೇ ಅಂಕಿ ಮಾತ್ರ ಬೇರೆ. ನೆನಪಿನಿಂದ ತುಂಬಿದರೆ ನಿಮ್ಮ ಪಾಂಡಿತ್ಯ ಪುಟದೊಳಗೆ ಸೇರುತ್ತದೆ, ಲೇಖಕರು ಬರೆದದ್ದು ಹೊರಗೆ ಉಳಿಯುತ್ತದೆ. ಅವರು ವರ್ಷವನ್ನೇ ತಪ್ಪಾಗಿ ಕೊಟ್ಟಿದ್ದರೂ ಇರಬಹುದಲ್ಲ?

ಇಲ್ಲಿ ಬಣ್ಣ ನೆರವಿಗೆ ಬರುತ್ತದೆ. ಫೋಟೋದ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕಿನ ಅಳತೆ ಇರುತ್ತದೆ. ಒಂದೊಂದನ್ನೇ ಬೇರ್ಪಡಿಸಿ ಕಪ್ಪುಬಿಳುಪಾಗಿ ನೋಡಬಹುದು, ಇದನ್ನು ಚಾನೆಲ್ ಎನ್ನುತ್ತಾರೆ. ಕೆಂಪು ಶಾಯಿ ಕೆಂಪು ಬೆಳಕನ್ನು ಕಾಗದದಂತೆಯೇ ಹಿಂದಕ್ಕೆ ಕಳಿಸುತ್ತದೆ, ಆದ್ದರಿಂದ ಕೆಂಪು ಚಾನೆಲ್‌ನಲ್ಲಿ ಕೆಂಪು ಶಿಕ್ಕಾ ಕಾಗದದ ಬಿಳುಪಿನಲ್ಲಿ ಕರಗುತ್ತದೆ. ನೀಲಿ ಶಿಕ್ಕಾ ನೀಲಿ ಚಾನೆಲ್‌ನಲ್ಲಿ ಕರಗುತ್ತದೆ. ಅಚ್ಚಿನ ಕಪ್ಪು ಮೂರರಲ್ಲೂ ಕಪ್ಪಾಗಿಯೇ ಉಳಿಯುತ್ತದೆ. ನಮ್ಮದು ನೇರಳೆ, ಅದು ಕೆಂಪನ್ನೂ ನೀಲಿಯನ್ನೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಹಸಿರನ್ನು ನುಂಗುತ್ತದೆ. ಹಾಗಾಗಿ ಕೆಂಪು, ನೀಲಿ ಎರಡನ್ನೂ ತೆಗೆದು ನೋಡಿ, ಯಾವುದರಲ್ಲಿ ಹೆಚ್ಚು ಮಸುಕಾಯಿತೋ ಅದನ್ನು ಇಟ್ಟುಕೊಳ್ಳಿ. ಹಸಿರು ಚಾನೆಲ್ ತೆಗೆದರೆ ಶಿಕ್ಕಾ ಇನ್ನೂ ಗಟ್ಟಿಯಾಗಿ ಕಾಣುತ್ತದೆ. ಶಿಕ್ಕಾದ ಅಕ್ಷರಗಳನ್ನೇ ಓದಬೇಕಿದ್ದಾಗ ಅದು ಉಪಯೋಗ.

ಕಂಪ್ಯೂಟರಿನಲ್ಲಿ ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶ ಇದ್ದರೆ ಒಂದೊಂದು ಸಾಲಿನ ಕೆಲಸ:

```
magick page.jpg -channel R -separate red.png
magick page.jpg -channel B -separate blue.png
```

ಕಂಪ್ಯೂಟರ್ ಇಲ್ಲದಿದ್ದರೆ, ಕೆಲವು ಮೊಬೈಲ್ ಫೋಟೋ ಆ್ಯಪ್‌ಗಳಲ್ಲಿ ಕಪ್ಪುಬಿಳುಪು ಮಾಡುವಾಗ ಕೆಂಪು ಅಥವಾ ನೀಲಿ ಫಿಲ್ಟರ್ ಆರಿಸಲು ಬರುತ್ತದೆ. ಫಲ ಹೆಚ್ಚುಕಡಿಮೆ ಅದೇ.

ನಮ್ಮ ಪುಟದಲ್ಲಿ ಕೆಂಪು ಚಾನೆಲ್ ತೆಗೆದಾಗ ಶಿಕ್ಕಾದ ಅಂಚು ಬೂದುಬಣ್ಣಕ್ಕೆ ಇಳಿದು ಅದರಡಿಯ ಅಂಕಿ ಕಪ್ಪಾಗಿ ಎದ್ದಿತು ಎಂದುಕೊಳ್ಳಿ. ಈಗ ನೋಡಬೇಕಾದ ಜಾಗ ಅಂಕಿಯ ಕೆಳತುದಿ. ೪ಕ್ಕೆ ಅಡಿಯಲ್ಲಿ ಮುಚ್ಚಿದ ಸಣ್ಣ ಬಳೆ ಇರುತ್ತದೆ, ೬ಕ್ಕೆ ಇರುವುದಿಲ್ಲ. ಬಳೆ ಕಾಣಲಿಲ್ಲ, ಆದ್ದರಿಂದ ೬. ಸಾಲಿನ ಉಳಿದ ಭಾಗವೂ ಬಿಡಿಸಿ ಓದಲು ಬಂದು "ಜಾಮಿ ಮಸೀದಿ" ಎಂದಿದ್ದರೆ ಅದು ನಿಮ್ಮ ಓದಿಗೆ ಬೆಂಬಲ. ಆದರೆ ಕ್ರಮ ಇದೇ ಇರಲಿ, ಮೊದಲು ಕಣ್ಣು, ಆಮೇಲೆ ಸಂದರ್ಭ. ಶಿಕ್ಕಾದ ಶಾಯಿ ಕಪ್ಪೇ ಆಗಿದ್ದರೆ ಯಾವ ಚಾನೆಲ್ಲೂ ಬಿಡಿಸಿಕೊಡುವುದಿಲ್ಲ. ಆಗ "೧೩[ಮುಚ್ಚಿದೆ: 1 ಅಂಕಿ]೭" ಎಂದೇ ಬಿಡಿ, ಬೇಕಿದ್ದರೆ ಸಂದರ್ಭ ನೋಡಿದರೆ ೬ ಇರಬಹುದು ಎಂದು ಟಿಪ್ಪಣಿಯಲ್ಲಿ ಬರೆಯಿರಿ.

ಚಾನೆಲ್ ಬೇರ್ಪಡಿಸುವಾಗ ಒಂದು ಅಪಾಯ ಇದೆ. ನೀಲಿ ಶಿಕ್ಕಾ ಕರಗಿಸಲು ಹೋದಾಗ ನೀಲಿ ಬಾಲ್‌ಪೆನ್ನಿನ ಕೈಬರಹವೂ ಅದರ ಜೊತೆ ಮಾಯವಾಗುತ್ತದೆ. ಅಂಚಿನಲ್ಲಿ ಟಿಪ್ಪಣಿ ಇದ್ದದ್ದೇ ಆಮೇಲೆ ಮರೆತುಹೋಗುತ್ತದೆ. ಆದ್ದರಿಂದ ಮೂರನೇ ಹಂತದ ಪಟ್ಟಿಯನ್ನು ಬಣ್ಣದ ಮೂಲ ಫೋಟೋ ನೋಡಿಯೇ ಮಾಡಿ ಮುಗಿಸಿರಬೇಕು.

5. ಮಸುಕು ಹಿನ್ನೆಲೆ ಮತ್ತು ಬೂದು ವಾಟರ್‌ಮಾರ್ಕ್ ತೆಳುವಾಗಿಸುವುದು

ಕೋಟೆಗೋಡೆಯ ಹಿನ್ನೆಲೆ ಮತ್ತು ಗುಂಪಿನ ಬೂದು ಹೆಸರು ಎರಡೂ ಅಚ್ಚಿನ ಅಕ್ಷರಕ್ಕಿಂತ ತಿಳಿಯಾಗಿವೆ. ಇವಕ್ಕೆ ಬಣ್ಣದ ಉಪಾಯ ಬೇಡ. ಒಂದು ಮಟ್ಟಕ್ಕಿಂತ ತಿಳಿಯಾದದ್ದನ್ನೆಲ್ಲ ಬಿಳಿ ಮಾಡಿಬಿಟ್ಟರೆ ಸಾಕು.

```
magick red.png -level 15%,75% clean.png
```

ಇಲ್ಲಿ 75% ಎಂದರೆ ಅದಕ್ಕಿಂತ ತಿಳಿಯಾದದ್ದೆಲ್ಲ ಪೂರ್ತಿ ಬಿಳಿ, 15% ಎಂದರೆ ಅದಕ್ಕಿಂತ ಗಾಢವಾದದ್ದೆಲ್ಲ ಪೂರ್ತಿ ಕಪ್ಪು. ಈ ಅಂಕಿಗಳು ಎಲ್ಲ ಪುಟಕ್ಕೂ ಹೊಂದುವುದಿಲ್ಲ. 15 ಅನ್ನು ಹಾಗೇ ಬಿಟ್ಟು 75 ಅನ್ನು ಐದೈದು ಇಳಿಸುತ್ತಾ ನೋಡಿ. ಇಳಿಸಿದಷ್ಟೂ ಹಿನ್ನೆಲೆ ಸ್ವಚ್ಛವಾಗುತ್ತದೆ.

ಆದರೆ ಎಲ್ಲಿ ನಿಲ್ಲಿಸಬೇಕು? ಹಿನ್ನೆಲೆ ಪೂರ್ತಿ ಬಿಳಿಯಾಗುವ ತನಕ ಅಂತ ಹೊರಟರೆ ಕನ್ನಡ ಅಕ್ಷರ ಉಳಿಯುವುದಿಲ್ಲ. ನಮ್ಮ ಲಿಪಿಯ ಅರ್ಥ ನಿಂತಿರುವುದೇ ತೆಳು ಭಾಗಗಳ ಮೇಲೆ: ಸೊನ್ನೆ, ಒತ್ತಕ್ಷರ, ದೀರ್ಘದ ಕೊಂಬು, ಮಹಾಪ್ರಾಣಕ್ಕೆ ಅಡಿಯಲ್ಲಿ ಬರುವ ಚಿಕ್ಕ ಗೀಟು. ಮೊದಲು ಮಾಯವಾಗುವುದೂ ಅವೇ. ನಮ್ಮ ಲೇಖನದಲ್ಲಿ "ಮಸೀದಿಗೆ ತೆರೆದ ಅಂಗಳವಿಲ್ಲ" ಎಂದಿದೆ. ಕಲಬುರಗಿಯ ಜಾಮಿ ಮಸೀದಿ ಪೂರ್ತಿ ಗುಮ್ಮಟಗಳಡಿ ಮುಚ್ಚಿಕೊಂಡಿದೆ, ಅದೇ ಅದರ ವಿಶೇಷ. ಸೊನ್ನೆ ಅಳಿಸಿದರೆ ಸಾಲು "ತೆರೆದ ಅಗಳವಿಲ್ಲ" ಎಂದಾಗುತ್ತದೆ. ಅಗಳು ಎಂದರೆ ಕಂದಕ, ಕೋಟೆಯ ಲೇಖನ ಬೇರೆ. ಓದುವವರು ತಪ್ಪು ಎಂದು ಅನುಮಾನಿಸದೆ ಕಂದಕದ ಮಾತೇ ಇರಬೇಕು ಎಂದು ಮುಂದೆ ಹೋಗುತ್ತಾರೆ. ಇದಕ್ಕೆ ಉಲ್ಟಾ ತಪ್ಪೂ ಆಗುತ್ತದೆ. ವಾಟರ್‌ಮಾರ್ಕಿನ ಗೆರೆ ದಕಾರದ ಕೆಳಗೆ ಹಾದು ಹೋದರೆ ಅದು ಧಕಾರದಂತೆ ಕಾಣುತ್ತದೆ, ದನ ಇದ್ದದ್ದು ಧನವಾಗುತ್ತದೆ.

ಅದಕ್ಕೆ ನಿಲ್ಲಿಸುವ ಜಾಗ ಗೊತ್ತುಮಾಡಲು ಹಿನ್ನೆಲೆ ನೋಡಬೇಡಿ. ಪುಟದಲ್ಲಿ ಸುಲಭವಾಗಿ ಓದಲು ಬರುವ, ಸೊನ್ನೆ ಮತ್ತು ಒತ್ತು ಎರಡೂ ಇರುವ ಒಂದು ಪದ ಆರಿಸಿಕೊಳ್ಳಿ, ಪ್ರತಿ ಸಲ ಅದನ್ನು ಮಾತ್ರ ನೋಡಿ. ಅದರ ಸೊನ್ನೆಯ ಬಳೆ ಒಂದು ಕಡೆ ಬಿರುಕು ಬಿಟ್ಟ ಕ್ಷಣ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನಿಲ್ಲಿಸಿ. ಹಿನ್ನೆಲೆಯಲ್ಲಿ ಒಂದಿಷ್ಟು ಕಲ್ಲಿನ ಕಲೆ ಉಳಿದರೆ ಉಳಿಯಲಿ.

ಬಿಳಿ ಬಣ್ಣದ ವಾಟರ್‌ಮಾರ್ಕ್ ಇದ್ದರೆ ಈ ಉಪಾಯವೇ ಕೈಕೊಡುತ್ತದೆ. ಅದು ತಾನು ಹಾದುಹೋದ ಕಡೆ ಅಚ್ಚಿನ ಅಕ್ಷರವನ್ನೇ ತಿಳಿ ಮಾಡಿರುತ್ತದೆ, ನೀವು ಮಟ್ಟ ಇಳಿಸಿದಾಗ ಆ ಅಕ್ಷರವೇ ಹಾರಿಹೋಗುತ್ತದೆ. ಅಂಥಲ್ಲಿ ಪುಟಕ್ಕೆ ಏನೂ ಮಾಡದೆ ಆ ಪಟ್ಟಿಯಷ್ಟನ್ನು ಮೂಲ ಫೋಟೋದಿಂದ ಕಣ್ಣಲ್ಲೇ ಓದಿ ಹೊಡೆಯಿರಿ.

6. ಒಸಿಆರ್‌ಗೆ ಕೊಡುವುದಾದರೆ

ಒಸಿಆರ್ ಎಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡಿಕೊಡುವ ತಂತ್ರಾಂಶ. ಪದರ, ಶಿಕ್ಕಾ ಎಂಬ ಭೇದ ಅದಕ್ಕೆ ಗೊತ್ತಿಲ್ಲ. ಸಿಕ್ಕ ಗುರುತನ್ನೆಲ್ಲ ಅಕ್ಷರ ಎಂದೇ ಓದುತ್ತದೆ, ಹಿಂಬದಿಯ ತಿರುವು ಅಕ್ಷರಕ್ಕೂ ಏನೋ ಒಂದು ಕನ್ನಡ ಪದ ಕಟ್ಟಿಬಿಡುತ್ತದೆ. ಅದಕ್ಕೇ ಇಡೀ ಪುಟ ಕೊಡಬೇಡಿ. ಎಡ ಕಾಲಮ್, ಬಲ ಕಾಲಮ್ ಎರಡನ್ನೂ ಬೇರೆ ಬೇರೆ ಕತ್ತರಿಸಿ ಕೊಡಿ, ಫೋಟೋದ ಮೇಲೆ ಅಚ್ಚಾದ ಅಡಿಬರಹವನ್ನು ಕಣ್ಣಲ್ಲೇ ಓದಿ ಹೊಡೆಯಿರಿ. ಮಸೀದಿಯ ಫೋಟೋ ಕತ್ತರಿಯಿಂದ ಹೊರಗೇ ಉಳಿದರೆ ಬೋರ್ಡಿನ ಕಾಟ ತಾನಾಗಿ ತಪ್ಪುತ್ತದೆ. ಟೆಸೆರಾಕ್ಟ್ ಬಳಸುವವರಿಗೆ:

```
tesseract left.png left -l kan --psm 6
```

ಕೊನೆಯ 6 ಎಂಬುದು ಇಡೀ ಚಿತ್ರ ಒಂದೇ ಬರಹದ ತುಂಡು ಎಂದು ಹೇಳುವ ಸೂಚನೆ, ಕತ್ತರಿಸಿದ ಕಾಲಮ್ಮಿಗೆ ಇದು ಸರಿ. ಎರಡು ಕಾಲಮ್ ಇರುವ ಪುಟಕ್ಕೆ ಹೀಗೆ ಕೊಟ್ಟರೆ ಎಡದ ಸಾಲಿನ ತುದಿಗೆ ಬಲದ ಸಾಲು ಅಂಟಿಕೊಂಡು ಬರುತ್ತದೆ.

ಬಂದ ಪಠ್ಯವನ್ನು ಸ್ವಚ್ಛ ಮಾಡಿದ ಚಿತ್ರದ ಜೊತೆ ಹೋಲಿಸಿ ತಿದ್ದುವವರು ಬಹಳ. ಸ್ವಚ್ಛ ಮಾಡುವಾಗ ಕಳೆದುಹೋದ ಸೊನ್ನೆ ಆ ಚಿತ್ರದಲ್ಲೂ ಇರುವುದಿಲ್ಲವಲ್ಲ, ಹಾಗಾಗಿ ಎರಡೂ ಹೊಂದಿಬಿಡುತ್ತವೆ. ತಿದ್ದುವುದು ಯಾವಾಗಲೂ ಬಣ್ಣದ ಮೂಲ ಫೋಟೋ ಪಕ್ಕದಲ್ಲಿ ಇಟ್ಟುಕೊಂಡೇ. ಸಾಲಿನ ನಡುವೆ ಅರ್ಥಕ್ಕೆ ಹೊಂದದ ಪದವೊಂದು ಬಂದರೆ ಪುಟದಲ್ಲಿ ಆ ಜಾಗ ನೋಡಿ. ವಾಟರ್‌ಮಾರ್ಕ್ ಹಾದುಹೋದ ಓರೆ ಗೆರೆಯ ಮೇಲೆಯೇ ಇಂಥ ಪದಗಳು ಸಾಲುಸಾಲಾಗಿ ಸಿಗುತ್ತವೆ. ಒಂದು ಸಿಕ್ಕಿದರೆ ಆ ಗೆರೆ ಹಿಡಿದು ಉಳಿದವನ್ನೂ ಹುಡುಕಿ.

7. ಆಸ್ತಿ, ಕೋರ್ಟಿನ ಕಾಗದಕ್ಕೆ ಈ ರೀತಿ ನಡೆಯುವುದಿಲ್ಲ

ಇಷ್ಟು ಹೊತ್ತು ಹೇಳಿದ್ದು ಪುಸ್ತಕ, ಸಂಚಿಕೆ, ಪತ್ರಿಕೆಗಳಿಗೆ. ಖರೀದಿ ಪತ್ರ, ಹಳೆಯ ಆದೇಶ, ಛಾಪಾ ಕಾಗದ ಇಂಥವುಗಳಲ್ಲಿ ಆಮೇಲೆ ಬಿದ್ದ ಪದರವೂ ದಾಖಲೆಯ ಭಾಗವೇ. "ರದ್ದು", "ನಕಲು", "ಕರಡು" ಎಂದು ಅಡ್ಡಲಾಗಿ ಬಿದ್ದ ಮಾತನ್ನು ವಾಟರ್‌ಮಾರ್ಕ್ ಎಂದು ಬಿಟ್ಟರೆ ಕಾಗದದ ಬೆಲೆಯೇ ಬದಲಾಗುತ್ತದೆ. ಅಲ್ಲಿ ಏನನ್ನೂ ಬಿಡಬೇಡಿ, ಎಲ್ಲವನ್ನೂ ಕಂಸದಲ್ಲಿ ಹಾಕಿ, ಎಲ್ಲಿ ಬಿದ್ದಿದೆ ಎಂಬುದನ್ನೂ ಬರೆಯಿರಿ. ಆ್ಯಪ್ ಕೂರಿಸಿದ ಸಾಲು ಒಂದು ಮಾತ್ರ ಇದಕ್ಕೆ ಹೊರತು.

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳೆಯ ಕಾಗದಗಳಲ್ಲಿ ಇನ್ನೊಂದು ವಿಷಯ. 1948ರ ಸೆಪ್ಟೆಂಬರ್‌ವರೆಗೆ ಇಲ್ಲಿ ನಿಜಾಮರ ಆಡಳಿತ, ಸರ್ಕಾರದ ಭಾಷೆ ಉರ್ದು. ಕನ್ನಡದಲ್ಲಿ ಬರೆದ ಕಾಗದದ ತಲೆಯ ಮೇಲೂ ಉರ್ದು ಮೊಹರು ಇರುತ್ತದೆ. ಉರ್ದು ಬಾರದವರು ಅದನ್ನು ಅಂಚಿನ ಚಿತ್ತಾರ ಎಂದು ಬಿಟ್ಟುಬಿಡುತ್ತಾರೆ. ಕಾಗದದ ವರ್ಷ ಎಷ್ಟೋ ಸಲ ಅಲ್ಲಿ ಮಾತ್ರ ಇರುತ್ತದೆ, ಅದೂ ಫಸಲಿ ಲೆಕ್ಕದಲ್ಲಿ. ಫಸಲಿಗೆ ಸುಮಾರು 590 ಸೇರಿಸಿದರೆ ಇಸವಿ ಸಿಗುತ್ತದೆ, ಫಸಲಿ 1350 ಎಂದರೆ 1940-41. ಓದಲು ಬಾರದಿದ್ದರೆ [ಉರ್ದು ಮೊಹರು, ಓದಿಲ್ಲ, ಪುಟದ ಮೇಲೆ ಬಲಕ್ಕೆ] ಎಂದು ಬರೆದು, ಆ ತುಂಡನ್ನು ದೊಡ್ಡದಾಗಿ ಕತ್ತರಿಸಿ ಬೇರೆ ಚಿತ್ರವಾಗಿ ಫೈಲಿನ ಜೊತೆ ಕೊಡಿ. ಉರ್ದು ಓದುವವರು ಈ ಮೂರೂ ಜಿಲ್ಲೆಗಳಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಅವರಿಗೆ ತೋರಿಸುವಾಗ ಚಾನೆಲ್ ಬೇರ್ಪಡಿಸಿ ತಿಳಿ ಮಾಡಿದ್ದನ್ನು ಕೊಡಬೇಡಿ, ಬಣ್ಣದ ಮೂಲವನ್ನೇ ಕೊಡಿ. ಉರ್ದುವಿನಲ್ಲಿ ಒಂದು ಚುಕ್ಕೆ ಹೋದರೆ ಅಕ್ಷರವೇ ಬೇರೆಯಾಗುತ್ತದೆ.